ಝೂಮ್ ಮಾಡಿ ನೋಡ್ರಿ

ನಮ್ಮ ಭಂಕೂರಿನಲ್ಲಿ ಹಾವು ನೋಡಬೇಕೆಂದರೆ ಫೋನ್ ಬೇಕಿಲ್ಲ. ಹಿತ್ತಲಲ್ಲಿ ಒಟ್ಟಿದ ಫರಸಿಕಲ್ಲನ್ನು ಮಳೆಗಾಲದಲ್ಲಿ ಸ್ವಲ್ಪ ಎತ್ತಿದರೆ ಸಾಕು. ಆದರೂ ಹೋದ ನಾಗರ ಪಂಚಮಿಯ ಬೆಳಿಗ್ಗೆ ನಮ್ಮ ಮನೆಗೆ ಹಾವು ಬಂದದ್ದು ವಾಡಿಯ ಕಾಕಾನ ಫೋನಿನಿಂದ. ಐದು ಹೆಡೆಯ ನಾಗಪ್ಪ. ಕೆಳಗೆ ಒಕ್ಕಣೆ: ಕುಕ್ಕೆ ಸುಬ್ರಹ್ಮಣ್ಯದಲ್ಲಿ ಕಾಣಿಸಿಕೊಂಡಿದೆ, ಹನ್ನೊಂದು ಮಂದಿಗೆ ಕಳಿಸಿ, ಸಂಜೆಯೊಳಗೆ ಶುಭವಾರ್ತೆ.

ನಾನು ಹಲ್ಲುಜ್ಜಿ ಬರುವಷ್ಟರಲ್ಲಿ ಅವ್ವ ನನ್ನ ಫೋನನ್ನು ಜಗಲಿಯ ಮೇಲಿಟ್ಟು ಗಾಜಿಗೆ ಅರಿಶಿನ ಕುಂಕುಮ ಹಚ್ಚಿ, ಎದುರಿಗೆ ಅಳ್ಳು, ಶೇಂಗಾ ಉಂಡಿ ಇಟ್ಟಿದ್ದಳು. ಹಾಲು ಹಾಕಲು ಬಟ್ಟಲು ಎತ್ತಿದ್ದಳು. ಹದಿನಾಲ್ಕು ಸಾವಿರ ರೂಪಾಯಿಯ ಫೋನು. ಓಡಿಹೋಗಿ ಕಸಿದುಕೊಂಡೆ.

ಮನೆಯಲ್ಲಿ ಇಂಥ ಚಿತ್ರಗಳ ಬಣ್ಣ ಬಯಲು ಮಾಡುವ ಗುತ್ತಿಗೆ ನನ್ನದೇ ಎಂದು ನಾನು ತಿಳಿದಿದ್ದೇನೆ. ಬೇರೆ ಯಾರೂ ಹಾಗೆ ತಿಳಿದಿಲ್ಲ. ಅಂಗಿಯ ತುದಿಯಿಂದ ಕುಂಕುಮ ಒರೆಸಿ, ಎರಡು ಬೆರಳಿಂದ ಚಿತ್ರ ಹಿಗ್ಗಿಸಿ ಪಾಠ ಶುರು ಮಾಡಿದೆ.

"ಅವ್ವಾ, ಈ ಎಡಗಡೆ ಹೆಡಿ ನೋಡು. ಬಿಸಿಲು ಎಲ್ಲಿ ಬಿದ್ದದ? ಎಡಕ್ಕ. ಈಗ ಬಲಗಡೆ ಹೆಡಿ ನೋಡು. ಬಲಕ್ಕ. ಒಂದೇ ಹಾವಿಗೆ ಎರಡು ಸೂರ್ಯಾ ಹ್ಯಾಂಗ ಬಂದ್ರು?"

ಗುಟ್ಟು ಸಣ್ಣದು. ಒಂದು ಹೆಡೆಯನ್ನು ನಕಲು ಮಾಡಿ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಅಂಟಿಸಿದರೆ ಬೆಳಕೂ ಅದರ ಜೊತೆಗೇ ತಿರುಗಿಬಿಡುತ್ತದೆ. ಹುರುಪೆಗಳೂ ಹಾಗೇ. ಒಂದು ಹೆಡೆಯ ಅಂಚಿನಲ್ಲಿದ್ದ ಬಿಳಿ ಕಲೆ ಐದೂ ಹೆಡೆಗಳ ಅದೇ ಜಾಗದಲ್ಲಿತ್ತು. ನಮ್ಮ ಮನೆಯಲ್ಲಿ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಐವರಿಗೆ ಒಂದೇ ಕಡೆ ಮಚ್ಚೆ ಇಲ್ಲ.

ಇನ್ನೊಂದು ಮಾತು ದೇಹದ್ದು. ಹೆಡೆಯೆಂದರೆ ಹಾವು ಹಾಕಿಕೊಂಡ ಟೊಪ್ಪಿಗೆಯಲ್ಲ, ಅದರ ಕುತ್ತಿಗೆ. ಅಲ್ಲಿನ ಪಕ್ಕೆಲುಬುಗಳು ಉದ್ದ. ನಾಗರ ಅವನ್ನು ಕೊಡೆಯ ಕಡ್ಡಿಯಂತೆ ಅಗಲಿಸಿದಾಗ ಮೇಲಿನ ಚರ್ಮ ಬಿಗಿದು ಹೆಡೆ ಬಿಚ್ಚುತ್ತದೆ. ಹಾಗಾಗಿ ಐದು ಹೆಡೆ ಬೇಕಾದರೆ ಐದು ಕುತ್ತಿಗೆ, ಐದು ಬೆನ್ನೆಲುಬು, ಐದು ಉಸಿರುನಾಳ ಬೇಕು. ಕಾಕಾ ಕಳಿಸಿದ ಹಾವಿನ ಐದೂ ಹೆಡೆ ಒಂದೇ ಹಾವಿನ ದಪ್ಪದ ಮೈಯಿಂದ ಬೀಸಣಿಗೆಯಂತೆ ಹೊರಟಿದ್ದವು.

"ಎರಡ ತಲಿ ಹಾವು ಇರ್ತಾವಲ್ಲ?" ಎಂದಳು ಅವ್ವ.

ಇರುತ್ತವೆ. ನಮ್ಮವರು ಎರಡು ತಲೆ ಹಾವು ಎನ್ನುವ ಮಣ್ಣುಮುಕ್ಕಕ್ಕೆ ಬಾಲ ಮೊಂಡು, ಅಷ್ಟೇ, ತಲೆ ಒಂದೇ. ಆದರೆ ನಿಜಕ್ಕೂ ಎರಡು ತಲೆಯ ಮರಿ ಅಪರೂಪಕ್ಕೆ ಹುಟ್ಟುವುದುಂಟು. 2020ರಲ್ಲಿ ಮಹಾರಾಷ್ಟ್ರದ ಕಲ್ಯಾಣದಲ್ಲಿ ಅಂಥ ಕೊಳಕುಮಂಡಲದ ಮರಿ ಸಿಕ್ಕಿತ್ತು. ಅವಳಿಯಾಗಬೇಕಿದ್ದ ಭ್ರೂಣ ಪೂರ್ತಿ ಬೇರೆಯಾಗದೆ ಉಳಿದರೆ ಹೀಗಾಗುತ್ತದೆ. ಆಗ ಎರಡು ಕುತ್ತಿಗೆ ಕವಲೊಡೆದದ್ದು ಸ್ಪಷ್ಟವಾಗಿ ಕಾಣುತ್ತದೆ, ಎರಡು ತಲೆ ಎರಡು ಕಡೆ ಎಳೆಯುತ್ತವೆ, ಒಂದು ಇಲಿಗೆ ಎರಡೂ ಬಾಯಿ ಹಾಕುತ್ತವೆ. ಇಂಥವು ಕಾಡಿನಲ್ಲಿ ಬದುಕಿ ದೊಡ್ಡದಾಗುವುದು ಕಷ್ಟ. ಇನ್ನು ಐದು ತಲೆಯದು ಐದೂ ಹೆಡೆ ಬಿಚ್ಚಿ ಫೋಟೋಕ್ಕೆ ನಿಲ್ಲುವಷ್ಟು ಬೆಳೆಯುವುದೆಲ್ಲಿ ಬಂತು!

ಕೊನೆಯ ಬಾಣ ಬಿಟ್ಟೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರದೊಳಗೆ ತೆಗೆದ ದಿನ, ಕ್ಯಾಮೆರಾ ಹೆಸರು ಯಾವುದೂ ಉಳಿದಿರುವುದಿಲ್ಲ; ಅಲ್ಲಿ ಹುಡುಕಿ ಫಲವಿಲ್ಲ. ಚಿತ್ರವನ್ನೇ TinEye ಗೆ ಹಾಕಿ, Oldest ಎಂಬುದನ್ನು ಆರಿಸಿ, ಅತಿ ಹಳೆಯ ಪ್ರತಿಗಳಿಂದ ನೋಡುತ್ತ ಬರಬೇಕು. ಈ ಐದು ಹೆಡೆಯ ಕುಕ್ಕೆ ಹಾವು ಇಂಟರ್ನೆಟ್ಟಿನ ಹಳೇ ಅತಿಥಿ. ಒಬ್ಬರ ಕೈಯಲ್ಲಿ ಮೂರು ತಲೆ, ಇನ್ನೊಬ್ಬರ ಕೈಯಲ್ಲಿ ಏಳು. ಹುಡುಕುತ್ತ ಹೋದರೆ ಮೂಲದಲ್ಲಿ ಸಿಗುವುದು ಒಂದೇ ತಲೆಯ ಬಡಪಾಯಿ ನಾಗರ. ಅದನ್ನೂ ಅವ್ವನ ಮುಂದೆ ಹಿಡಿದೆ.

ಅವ್ವ ಕನ್ನಡಕ ಸರಿಮಾಡಿಕೊಂಡು ನೋಡಿದಳು. "ಉಳಿದ ನಾಕ ತಲಿ ಒಳಗ ಎಳಕೊಂಡಿರಬೇಕು. ಮಂದಿ ಮುಂದ ಎಲ್ಲಾ ತೋರಸ್ತದೇನು?"

ಅಷ್ಟರಲ್ಲಿ ಸೇಡಂನ ತಂಗಿ ನಮ್ಮ ಮನೆಯವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಬರೆದಳು: "ಅಣ್ಣಾ, ಕನಕಪುರದ ಕಡೆ ಏಳು ಹೆಡಿ ಪೊರಿ ಸಿಕ್ಕಿತ್ತಲ್ಲ? ಟಿವ್ಯಾಗ ಬಂದಿತ್ತು." ಹೌದು, 2019ರಲ್ಲಿ ಅದಕ್ಕೆ ಪೂಜೆಯೂ ಆಯಿತು. ಪೊರೆ ತುಟಿಯಂಚಿನಲ್ಲಿ ಬಿಟ್ಟು, ಬನಿಯನ್ ಕಳಚಿದಂತೆ ಒಳಮೇಲಾಗಿ ಬರುತ್ತದೆ. ಹಸಿಯಿದ್ದಾಗ ಮೆತ್ತಗಿರುತ್ತದೆ, ಹೇಗೆ ಮಡಚಿ ಇಟ್ಟರೆ ಹಾಗೆ ಒಣಗುತ್ತದೆ. ನಾನು ಇಷ್ಟನ್ನು ಟೈಪಿಸುವಷ್ಟರಲ್ಲಿ ಹದಿನೆಂಟು ಜನ ಕೈಮುಗಿದಾಗಿತ್ತು.

ಸೋತರೂ ನನ್ನ ಗರ್ವ ಇಳಿಯಲಿಲ್ಲ. ಅದನ್ನು ಇಳಿಸಿದ್ದು ಒಂದು ನವಿಲಿನ ಮರಿ.

ಎರಡು ವಾರದ ನಂತರ ಗುಂಪಿಗೆ ನಾನೇ ಶುಭೋದಯ ಕಳಿಸಿದೆ. ಅಂಗೈಯಷ್ಟು ಮರಿ, ಹೊಳೆಯುವ ನೀಲಿ ಕೊರಳು, ನೆತ್ತಿಯಲ್ಲಿ ತುರಾಯಿ, ಹಿಂದೆ ಸಣ್ಣ ಗರಿ ಬಿಚ್ಚಿದ ಪುಟಾಣಿ ಬೀಸಣಿಗೆ, ಅದರಲ್ಲಿ ಪುಟಾಣಿ ಕಣ್ಣುಗಳು. 'ನಮ್ಮ ರಾಷ್ಟ್ರಪಕ್ಷಿಯ ಕಂದ' ಎಂದು ಬರೆದೆ. ಕಾಕಾ ಹೃದಯ ಕಳಿಸಿದ.

ಹೆಂಡತಿಯ ತವರು ಚಿಂಚೋಳಿ ಕಡೆ. ತೊಗರಿ ಹೊಲದಲ್ಲಿ ನವಿಲು ಓಡಿಸುತ್ತ ಬೆಳೆದವಳು. ರೊಟ್ಟಿ ಬಡಿಯುತ್ತಲೇ ಓರೆನೋಟದಲ್ಲಿ ನೋಡಿದಳು.

"ಇದನ್ನ ಯಾವ ನವಲಿ ಹಡದದ್ರಿ?"

ನಾನು ಸುಮ್ಮನಿರಲಿಲ್ಲ. ಗೂಗಲ್‌ನಲ್ಲಿ baby peacock ಎಂದು ಹುಡುಕಿ ತೋರಿಸಿದೆ. ಸಾಲು ಸಾಲು ನೀಲಿ ಮರಿಗಳು! "ನೋಡು, ಒಂದಲ್ಲ, ನೂರು ಅದಾವ!"

"ನೂರು ಮಂದಿ ಸುಳ್ಳು ಹೇಳಿದ್ರ ಖರೇ ಆಗ್ತದೇನ್ರಿ? ನವಲಿ ಮರಿ ಕೋಳಿಮರಿಯಂಗ ಇರ್ತದ, ಮಣ್ಣಿನ ಬಣ್ಣ. ಹೊಲದಾಗ ಕುಂತ್ರ ಕಾಲಿಗೆ ಎಡವೋ ತನಕಾ ಕಾಣಲ್ಲ. ಹಿಂಗ ಹೊಳದ್ರ ನರಿ ಬಿಡ್ತಾವೇನು? ತುರಾಯಿ ಬರಲಿಕ್ಕೆ ತಿಂಗಳ ಬೇಕು. ಗಂಡಿಗೆ ಆ ಉದ್ದನ್ನ ಗರಿ ಪೂರಾ ಬರಲಿಕ್ಕೆ ಮೂರು ನಾಕು ವರ್ಷ." ಹಿಟ್ಟಿನ ಬೆರಳಿಂದ ಚಿತ್ರದ ಕಾಲು ಮುಟ್ಟಿದಳು. "ಮತ್ತ ಇದರ ಬಟ್ಟ ಎಣಸ್ರಿ."

ಎಣಿಸಿದೆ. ಒಂದು ಕಾಲಿಗೆ ಎರಡು ಬೆರಳು. ಇನ್ನೊಂದು ಕಾಲು ಹುಲ್ಲಿನೊಳಗೆ ಹುಲ್ಲೇ ಆಗಿತ್ತು.

2024ರಲ್ಲಿ ಇದೇ ದೊಡ್ಡ ಸುದ್ದಿಯಾಗಿತ್ತು: ನವಿಲಿನ ಮರಿಯನ್ನು ಹುಡುಕಿದವರಿಗೆ ಯಂತ್ರ ಸೃಷ್ಟಿಸಿದ ಮರಿಗಳೇ ಮೊದಲ ಸಾಲಿನಲ್ಲಿ ಸಿಗುತ್ತಿದ್ದವು. ನನಗೆ ಆಗಲೇ ಹೊಳೆಯಬೇಕಿತ್ತು. ತಿದ್ದಿದ ಚಿತ್ರಕ್ಕೆ ಒಂದು ತವರುಮನೆ ಇರುತ್ತದೆ. ಹುಡುಕಿದರೆ ಆ ಒಂದು ತಲೆಯ ನಾಗರ ಸಿಗುತ್ತದೆ. ಯಂತ್ರ ಹೆತ್ತದ್ದಕ್ಕೆ ತವರೇ ಇಲ್ಲ. ಎಷ್ಟು ಹುಡುಕಿದರೂ ಅದರ ಅಕ್ಕತಂಗಿಯರೇ ಎದುರಾಗುತ್ತಾರೆ, ನನ್ನಂಥವನು ಅವರನ್ನೇ ಸಾಕ್ಷಿ ಎಂದು ಕರೆತರುತ್ತಾನೆ. ಅಲ್ಲಿ ಕೆಲಸಕ್ಕೆ ಬಂದದ್ದು ಮರಿಯನ್ನು ಕಣ್ಣಾರೆ ಕಂಡವಳ ಒಂದು ಓರೆನೋಟ.

ಚಿತ್ರ ಅಳಿಸಲು ಹೋದೆ. ಕಳಿಸಿ ಮೂರು ದಿನವಾಗಿತ್ತು, ನನ್ನ ಫೋನಿನಿಂದ ಮಾತ್ರ ಅಳಿಯಿತು. ಕಾಕಾನ ಫೋನಿನಲ್ಲಿ ಅದು ಈಗಲೂ ಡಿಪಿ.

ಮೊನ್ನೆ ಮಳೆ ನಿಂತ ಮೇಲೆ ನೀರಿಗೆ ದಾರಿ ಮಾಡಲು ಹಿತ್ತಲಿನ ಫರಸಿ ಸರಿಸಿದೆ. ಸಂದಿನಲ್ಲಿ ಏನೋ ಜರುಗಿತು. ಆಮೇಲೆ ನೋಡಿಕೊಂಡರೆ ನಾನು ನೀರಿನ ಟಾಕಿಯ ಮೇಲಿದ್ದೆ, ಕೂಗುತ್ತಿದ್ದೆ.

"ಹಾವು! ಹಾವು ಅದ!"

ಒಲೆಯ ಮುಂದಿನಿಂದ ಹೆಂಡತಿಯ ದನಿ ಬಂತು: "ಎಷ್ಟ ತಲಿ ಅದಾವ? ಝೂಮ್ ಮಾಡಿ ನೋಡ್ರಿ."

ಅವ್ವ ಮಾತ್ರ ಆಗಲೇ ಹಾಲಿನ ಬಟ್ಟಲು ಹಿಡಿದು ಹೊಸ್ತಿಲು ದಾಟುತ್ತಿದ್ದಳು.