ಒಂದು ಜ್ವರ, ಮೂರು ತಾಲ್ಲೂಕು

ನಿನ್ನೆ ಸಂಜೆ ಬಸಳೆ ಚಪ್ಪರಕ್ಕೆ ನೀರು ಹಾಕುತ್ತಾ ನಿಂತಿದ್ದೆ. ಬೇಲಿಯಾಚೆಯಿಂದ ಮಣಮಣ ಅಂತ ಮಂತ್ರ ಕೇಳಿಸಿತು. ‘ಎಂಡೆಮಿಕ್, ಎಪಿಡೆಮಿಕ್, ಪ್ಯಾಂಡೆಮಿಕ್, ಸ್ಪೊರಾಡಿಕ್, ಔಟ್‌ಬ್ರೇಕ್...’ ಮತ್ತೆ ಮೊದಲಿನಿಂದ. ಪಕ್ಕದ ಮನೆ ಹುಡುಗಿ ನರ್ಸಿಂಗ್ ಓದುತ್ತಾಳೆ, ಬೆಳಗಾದರೆ ಪರೀಕ್ಷೆ. ನಾನು ತರೀಕೆರೆ ಸುತ್ತಮುತ್ತ ಹೆಲ್ತ್ ಇನ್ಸ್‌ಪೆಕ್ಟರ್ ಆಗಿ ಸೈಕಲ್ ತುಳಿದು ನಿವೃತ್ತನಾದವನು. ಇಂಥ ಮಂತ್ರ ಕಿವಿಗೆ ಬಿದ್ದರೆ ಬಾಯಿ ಸುಮ್ಮನಿರುತ್ತದೆಯೇ?

‘ಏನವ್ವಾ, ಜಪ ಜೋರಾಗಿದೆ?’ ಅಂದೆ.

‘ಅಜ್ಜಾ, ಟೈಮಿಲ್ಲ. ಪಟಪಟ ಪ್ರಶ್ನೆ ಕೇಳ್ತೀನಿ, ಪಟಪಟ ಉತ್ತರ ಹೇಳಿ. ಕಥೆ ಬೇಡ.’

ಕಥೆ ಬೇಡ ಅಂತ ನನಗೆ ಹೇಳಿದವರು ಇದುವರೆಗೆ ಗೆದ್ದಿಲ್ಲ, ಬಿಡಿ.

ಮೊದಲ ಪ್ರಶ್ನೆ, ಎಂಡೆಮಿಕ್ ಅಂದರೇನು? ಊರಲ್ಲಿ ಬೀಡುಬಿಟ್ಟ ಕಾಯಿಲೆ ಅಂದೆ. ಬಂದು ಹೋಗುವ ನೆಂಟನಲ್ಲ, ಮನೆಯಳಿಯ. ಎಪಿಡೆಮಿಕ್? ಇರಬೇಕಾದ್ದಕ್ಕಿಂತ ಹೆಚ್ಚಾದದ್ದು. ಔಟ್‌ಬ್ರೇಕ್? ಅದೇ ಹೆಚ್ಚಳ ಒಂದು ಊರಿನಲ್ಲೋ ಒಂದು ಹಾಸ್ಟೆಲಿನಲ್ಲೋ ಸಣ್ಣ ಜಾಗದಲ್ಲಿ ಆದರೆ. ಪ್ಯಾಂಡೆಮಿಕ್? ದೇಶಗಳ ಗಡಿ ಹಾರಿ ಖಂಡಗಳಿಗೆ ಹಬ್ಬಿದ್ದು. ಸ್ಪೊರಾಡಿಕ್? ಅಲ್ಲೊಂದು ಇಲ್ಲೊಂದು, ಒಂದಕ್ಕೊಂದು ನಂಟಿಲ್ಲದ್ದು. ಇದು ಗ್ರೀಕರ ಬಿತ್ತನೆಯ ಮಾತಿನಿಂದ ಹುಟ್ಟಿದ ಪದವಂತೆ. ನಮ್ಮ ಕಡೆ ರಾಗಿ ಎರಚುವಾಗ ಬದುವಿನಾಚೆ ನಾಲ್ಕು ಕಾಳು ಹಾರಿ, ಒಂದೊಂದೇ ಪೈರು ಅನಾಥವಾಗಿ ಏಳುತ್ತದಲ್ಲ, ಹಾಗೆ. ಉಳಿದ ಮೂರರ ಬಾಲಕ್ಕೆ ಅಂಟಿರುವ ‘ಡೆಮೊಸ್’ ಅಂದರೆ ಜನ. ಎನ್ ಅಂದರೆ ಜನದ ಒಳಗೆ, ಎಪಿ ಅಂದರೆ ಜನದ ಮೇಲೆ, ಪ್ಯಾನ್ ಅಂದರೆ ಎಲ್ಲ ಜನ.

‘ಹಾಗಾದ್ರೆ ದನಕ್ಕೆ ಬಂದ್ರೆ?’ ಅಂದಳು. ಹುಡುಗಿ ಚುರುಕು. ಅಜ್ಜಂಪುರದ ಅಮೃತಮಹಲ್ ದನಗಳ ಊರಿನ ಪಕ್ಕದಲ್ಲಿ ಬೆಳೆದವಳು ಕೇಳಲೇಬೇಕಾದ ಪ್ರಶ್ನೆ, ಅಲ್ವಾ? ದನಕ್ಕೆ ಬಂದರೆ ಹೆಸರೇ ಬೇರೆ, ಎಪಿಜೂಟಿಕ್. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ದನಗಳಿಗೆ ಆದದ್ದು ಅದು. ‘ಅದು ಸಿಲಬಸ್‌ನಲ್ಲಿಲ್ಲ’ ಅಂದಳು. ನೀನೇ ಕೇಳಿದ್ದಲ್ವೇನೇ!

ಐದಕ್ಕೂ ಉತ್ತರ ಸಿಕ್ಕಿತು, ಎದ್ದು ಹೋಗಬಹುದಿತ್ತು. ಹೋಗುವ ಮುಂಚೆ ಒಂದು ಕೇಳಿದಳು: ‘ಎಷ್ಟು ಜನಕ್ಕೆ ಬಂದ್ರೆ ಎಪಿಡೆಮಿಕ್ ಅಜ್ಜಾ? ನೂರಾ, ಸಾವಿರಾನಾ?’

ಇಲ್ಲೇ ನೋಡಿ ಎಲ್ಲರೂ ಜಾರುವುದು. ಕೊಳಾಯಿ ಬಂದ್ ಮಾಡಿ, ಬೇಲಿಗೆ ಕೈಯೂರಿ ನಿಂತೆ. ನೂರೂ ಅಲ್ಲ, ಸಾವಿರವೂ ಅಲ್ಲ. ‘ಆ ಊರಲ್ಲಿ, ಆ ತಿಂಗಳಲ್ಲಿ, ಮಾಮೂಲು ಎಷ್ಟು?’ ಅಂತ ಮೊದಲು ಕೇಳಬೇಕು. ಮಾಮೂಲು ಗೊತ್ತಿಲ್ಲದವನಿಗೆ ಈ ಐದರಲ್ಲಿ ಒಂದು ಪದವೂ ದಕ್ಕುವುದಿಲ್ಲ.

ಮಂಗನ ಕಾಯಿಲೆ ತಗೊಳ್ಳಿ. ಅದು ನಮ್ಮ ನೆಲದ ಹೆಸರಿನಲ್ಲೇ ಲೋಕಕ್ಕೆ ಗೊತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಬಿದ್ದು ಸಾಯತೊಡಗಿದವು, ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರ ಹಿಡಿದು ಮಲಗಿದರು. ಮಂಗ ಸಾಯುವುದು ಕಂಡದ್ದೇ ತಡ, ಆಫ್ರಿಕಾದ ಹಳದಿ ಜ್ವರ ಇಂಡಿಯಾಕ್ಕೆ ನುಗ್ಗಿತೇನೋ ಅಂತ ದೊಡ್ಡ ದೊಡ್ಡವರೇ ಬೆಚ್ಚಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದರೆ, ಅದು ಹೊಸದೇ ಒಂದು ವೈರಸ್. ರಷ್ಯಾ ಕಡೆಯ ಉಣುಗು ಜ್ವರದ ವೈರಸ್‌ಗೆ ದಾಯಾದಿ. ಹರಡುವುದು ಕಾಡಿನ ಉಣುಗಿನಿಂದ. ಆ ವರ್ಷ ಸೊರಬದಲ್ಲಿ ಆದದ್ದು ಔಟ್‌ಬ್ರೇಕ್, ಯಾಕೆಂದರೆ ಅಲ್ಲಿಯವರೆಗೆ ಹೀಗೊಂದು ಕಾಯಿಲೆ ಇದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ. ಇವತ್ತು ಅದೇ ಕಾಯಿಲೆ ಮಲೆನಾಡಿನ ಎಂಡೆಮಿಕ್. ಡಿಸೆಂಬರ್ ಬಂತು ಅಂದರೆ ಮರಿ ಉಣುಗುಗಳು ಎಲೆ ಮೇಲೆ ಕಾಯುತ್ತಿರುತ್ತವೆ, ಮೇವರೆಗೂ ಕಾಟ. ಶಿವಮೊಗ್ಗ ಕಡೆಯಾಗಲಿ, ನಮ್ಮ ಜಿಲ್ಲೆಯ ಕೊಪ್ಪ, ನರಸಿಂಹರಾಜಪುರ, ಶೃಂಗೇರಿಯಾಗಲಿ, ಸೀಸನ್ನಿನಲ್ಲಿ ಕೆಲವು ಕೇಸು ಬಂದರೆ ಅಲ್ಲಿನ ಡಾಕ್ಟರು ಹುಬ್ಬೇರಿಸುವುದಿಲ್ಲ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಆದಂತೆ ಒಂದೇ ಕಡೆ ಮುಗಿಬಿದ್ದರೆ, ಎಂಡೆಮಿಕ್ ಸೀಮೆಯೊಳಗೇ ಅದು ಔಟ್‌ಬ್ರೇಕ್.

ಈಗ ಬಾ ಕಡೂರಿಗೆ ಅಂದೆ. ಒಣ ಸೀಮೆ, ತೆಂಗು, ರಾಗಿ. ಕಡೂರು ಕಡೆಯ ಹುಡುಗನೊಬ್ಬ ಜನವರಿಯಲ್ಲಿ ಕೊಪ್ಪದ ಕಡೆ ಕಾಫಿ ಕುಯ್ಲಿಗೆ ಹೋದ ಅಂತ ಇಟ್ಟುಕೋ. ವಾಪಸು ಬಂದು ನಾಲ್ಕೈದು ದಿನಕ್ಕೆ ಜ್ವರ, ರಕ್ತ ಪರೀಕ್ಷೆಯಲ್ಲಿ ಮಂಗನ ಕಾಯಿಲೆ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಜ್ವರ ಬರುವ ರೂಢಿ, ಹಾಗಾಗಿ ಕಚ್ಚಿದ್ದು ಕೊಪ್ಪದಲ್ಲೇ ಅನ್ನುವುದಕ್ಕೆ ಲೆಕ್ಕ ಕೂಡುತ್ತದೆ. ಕಡೂರಿಗೆ ಅವನು ಹೊರಗಿಂದ ಬಂದ ಕೇಸು. ಮನುಷ್ಯನಿಂದ ಮನುಷ್ಯನಿಗೆ ಅದು ಅಂಟುವುದೂ ಇಲ್ಲ, ಕಥೆ ಅಲ್ಲಿಗೇ ಮುಗಿಯಿತು. ಆದರೆ ಎಲ್ಲೂ ಹೋಗದೆ ತೋಟದ ಮನೆಯಲ್ಲೇ ಇದ್ದ ಅಜ್ಜಿಗೆ ಅದೇ ಬಂತು ಅನ್ನು. ಒಂದೇ ಒಂದು ಕೇಸು. ಅಷ್ಟಕ್ಕೇ ಔಟ್‌ಬ್ರೇಕ್ ಅಂತ ಓಡಬೇಕು. ಯಾಕೆ ಹೇಳು?

‘ಮಾಮೂಲು ಸೊನ್ನೆ’ ಅಂದಳು.

ಸಾಕಲ್ಲ! ಕೊಪ್ಪದಲ್ಲಿ ಐದು ಕೇಸಿಗೆ ಆಗದ ಗಡಿಬಿಡಿ ಕಡೂರಿನಲ್ಲಿ ಒಂದಕ್ಕೆ ಆಗಬೇಕು. ನಮ್ಮ ತರೀಕೆರೆಯದು ಇನ್ನೂ ಮಜ. ಲಕ್ಕವಳ್ಳಿ ಕಡೆಗೆ ಹೋದರೆ ಭದ್ರಾ ಕಾಡು, ಅಜ್ಜಂಪುರದ ಕಡೆಗೆ ತಿರುಗಿದರೆ ಈರುಳ್ಳಿ ಹೊಲ. ಒಂದು ಕಾಲು ಮಲೆನಾಡಿನಲ್ಲಿ, ಇನ್ನೊಂದು ಬಯಲುಸೀಮೆಯಲ್ಲಿ. ಇಡೀ ತಾಲ್ಲೂಕಿಗೆ ಒಂದೇ ಮಾಮೂಲು ಹಿಡಿದರೆ ಎರಡೂ ಕಡೆ ಮೋಸ. ಕಾಡಂಚಿನ ಹಳ್ಳಿಯ ಲೆಕ್ಕ ಬೇರೆ, ಹೊಲದಂಚಿನದು ಬೇರೆ. ನಾವು ಹಳ್ಳಿಗೊಂದು ರಿಜಿಸ್ಟರ್ ಇಡುತ್ತಿದ್ದದ್ದು ಸುಮ್ಮನೆ ಅಲ್ಲ.

ಆ ರಿಜಿಸ್ಟರಿನಿಂದ ‘ಹೆಚ್ಚಾಯ್ತು’ ಅನ್ನುವುದನ್ನು ಹೇಗೆ ಹೇಳುವುದು? ಒಂದು ಹಳ್ಳಿಯಲ್ಲಿ ಹಿಂದಿನ ಐದು ವರ್ಷ ಮೇ ತಿಂಗಳಲ್ಲಿ ವಾಂತಿಭೇದಿ ಕೇಸು 2, 3, 1, 4, 2 ಅಂತ ಲೆಕ್ಕಕ್ಕೆ ಹಿಡಿ. ಸರಾಸರಿ 2.4. ವರ್ಷದಿಂದ ವರ್ಷಕ್ಕೆ ಆಗುವ ಏರಿಳಿತ, ನಿಮ್ಮ ಪುಸ್ತಕದ ಸ್ಟ್ಯಾಂಡರ್ಡ್ ಡೀವಿಯೇಷನ್, ಸುಮಾರು 1.1. ಅದರ ಎರಡರಷ್ಟನ್ನು ಸರಾಸರಿಗೆ ಕೂಡಿಸಿದರೆ 4.7ರ ಹತ್ತಿರ. ಅಂದರೆ ಐದನೇ ಕೇಸು ಬಂದ ದಿನ ನೀರಿನ ಟ್ಯಾಂಕ್ ಕಡೆ ಹೊರಡು. ಇಷ್ಟೇ ವಿದ್ಯೆ.

ಆದರೆ ಇದರಲ್ಲೊಂದು ಹಳ್ಳವಿದೆ. ಮೂರನೇ ವರ್ಷದ 1ರ ಜಾಗದಲ್ಲಿ, ಪೈಪಿಗೆ ಚರಂಡಿ ನೀರು ಸೇರಿ 20 ಕೇಸು ಆಗಿತ್ತು ಅನ್ನು. ಈಗ ಅದೇ ಲೆಕ್ಕ ಮಾಡಿದರೆ ಗೆರೆ ಹಾರಿ 21 ದಾಟುತ್ತದೆ. ಊರಿಗೆ ಊರೇ ಚೊಂಬು ಹಿಡಿದು ಓಡಾಡುತ್ತಿದ್ದರೂ ಕಾಗದದಲ್ಲಿ ಎಲ್ಲ ಮಾಮೂಲು! ಅದಕ್ಕೇ ಹಿಂದೆ ಔಟ್‌ಬ್ರೇಕ್ ಆದ ವರ್ಷವನ್ನು ಆ ಲೆಕ್ಕದಿಂದ ತೆಗೆದುಹಾಕಬೇಕು. ಇದರ ಉಲ್ಟಾನೂ ಇದೆ. ಹಳ್ಳಿಯಲ್ಲೊಂದು ಕ್ಯಾಂಪ್ ಹಾಕಿ ಮನೆಮನೆ ರಕ್ತ ತೆಗೆದರೆ ಮಲೇರಿಯಾ ದಿಢೀರ್ ಏರಿದ ಹಾಗೆ ಕಾಣುತ್ತದೆ. ಏರಿದ್ದು ಕಾಯಿಲೆಯಲ್ಲ, ಹುಡುಕಾಟ. ಎಷ್ಟು ಜನರ ರಕ್ತ ತೆಗೆದರು ಅಂತ ಪಕ್ಕದ ಕಾಲಂ ನೋಡಿದರೆ ಗುಟ್ಟು ರಟ್ಟು.

ಮಧ್ಯೆ ಅವಳಮ್ಮ ಕಾಫಿ ಲೋಟ ಬೇಲಿ ಮೇಲಿಂದ ದಾಟಿಸಿದರು. ‘ಅಣ್ಣಾ, ಈ ಸಾಂಕ್ರಾಮಿಕ ಅಂತಾರಲ್ಲ, ಅದು ಇದರಲ್ಲಿ ಯಾವುದು?’ ಅಂದರು. ಲೋಟ ಕೈಯಲ್ಲೇ ಉಳಿಯಿತು. ಹೌದಲ್ಲ! ಕನ್ನಡದಲ್ಲಿ ಅಂಟುವ ಕಾಯಿಲೆಗೂ ಸಾಂಕ್ರಾಮಿಕ, ಎಪಿಡೆಮಿಕ್ಕಿಗೂ ಸಾಂಕ್ರಾಮಿಕ. ಸಕ್ಕರೆ ಕಾಯಿಲೆಗೆ ‘ಅಸಾಂಕ್ರಾಮಿಕ’ ಅಂತ ಆಸ್ಪತ್ರೆ ಗೋಡೆಯಲ್ಲೇ ಬರೆದಿರುತ್ತಾರೆ. ಮಂಗನ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಅಂಟದು, ಆದರೂ ಎಪಿಡೆಮಿಕ್ ಆಗಬಲ್ಲದು. ಇನ್ನೊಂದು ಹೆಜ್ಜೆ ಮುಂದೆ ಹೋದರೆ, ಬಯಲುಸೀಮೆಯ ಕೊಳವೆಬಾವಿ ನೀರಿನ ಫ್ಲೋರೈಡ್‌ನಿಂದ ಹಲ್ಲು ಕಂದಾಗಿ ಮೂಳೆ ಬಿಗಿಯುತ್ತದಲ್ಲ, ಪಾವಗಡದ ಕಡೆ, ಚಿತ್ರದುರ್ಗದ ಕಡೆ, ಅದನ್ನೂ ಪುಸ್ತಕ ಎಂಡೆಮಿಕ್ ಅಂತಲೇ ಕರೆಯುತ್ತದೆ. ಅಲ್ಲಿ ರೋಗಾಣುವೇ ಇಲ್ಲ! ಒಂದು ಪದಕ್ಕೆ ಎರಡು ಸಂಸಾರ ಕಟ್ಟಿದ್ದೇವೆ, ಮಕ್ಕಳು ಪರೀಕ್ಷೆಯಲ್ಲಿ ಒದ್ದಾಡುತ್ತಾರೆ.

‘ಪ್ಯಾಂಡೆಮಿಕ್ ಅಂದ್ರೆ ತುಂಬಾ ಸಾಯೋದು ಅಂತ ಬರೀಲಾ?’ ಅಂದಳು ಹುಡುಗಿ. ಬರೆದರೆ ಸೊನ್ನೆ. ಅದು ಹಬ್ಬಿದ ಅಗಲದ ಮಾತು, ಸಾವಿನ ಆಳದ್ದಲ್ಲ. 2009ರ ಎಚ್1ಎನ್1ಗೂ ಅದೇ ಪಟ್ಟ, 2020ರ ಮಾರ್ಚ್ 11ರಂದು ಕೊರೊನಾಕ್ಕೂ ಅದೇ. ಹಾಗೆಯೇ ‘ಕೊರೊನಾ ಎಂಡೆಮಿಕ್ ಆಯ್ತು, ಇನ್ನೇನು ಭಯವಿಲ್ಲ’ ಅಂತ ಟೀವಿಯಲ್ಲಿ ಖುಷಿಪಟ್ಟರಲ್ಲ, ಅದೂ ಅರ್ಧ ಸತ್ಯ. ಬೀಡುಬಿಟ್ಟವನು ಸಾಧು ಅಂತ ಯಾರು ಹೇಳಿದ್ದು? ಮಲೆನಾಡಿನಲ್ಲಿ ತಲೆಮಾರುಗಟ್ಟಲೆ ಬೀಡುಬಿಟ್ಟಿದ್ದ ಚಳಿಜ್ವರ ಮಕ್ಕಳ ಹೊಟ್ಟೆಯಲ್ಲಿ ಜ್ವರಗಡ್ಡೆ ಬೆಳೆಸಿಯೇ ಇತ್ತು.

ಪ್ಯಾಂಡೆಮಿಕ್ ಅಂದಾಗೆಲ್ಲ ನನಗೆ ರೈಲು ನೆನಪಾಗುತ್ತದೆ. 1894ರಲ್ಲಿ ಹಾಂಕಾಂಗ್, 1896ರಲ್ಲಿ ಮುಂಬಯಿ, ಆಮೇಲೆ ಹುಬ್ಬಳ್ಳಿ. 1898ರ ಆಗಸ್ಟ್‌ನಲ್ಲಿ ಪ್ಲೇಗು ಹುಬ್ಬಳ್ಳಿ ಕಡೆಯಿಂದ ರೈಲು ಹತ್ತಿ ಬೆಂಗಳೂರಿಗೆ ಇಳಿಯಿತು. ಆ ದಾರಿ ಯಾವುದು ಹೇಳಿ? ಶಿವನಿ, ಅಜ್ಜಂಪುರ, ಬೀರೂರು, ಕಡೂರು, ಅರಸೀಕೆರೆ. ಇಡೀ ಪ್ರಪಂಚದ ಪಿಡುಗು ನಮ್ಮೂರ ಸ್ಟೇಷನ್ನುಗಳ ಮುಂದೆ ಹಾದುಹೋಯಿತು. ಆಗ ನಮ್ಮ ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ. ನನ್ನ ಅಜ್ಜಿಗೆ ‘ಇಲಿ ಬಿತ್ತು’ ಅನ್ನುವ ಮಾತೇ ಅಪಶಕುನವಾಗಿತ್ತು. ಅಟ್ಟದಿಂದ ಇಲಿ ಸತ್ತು ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರಂತೆ. ನಾವು ಹುಡುಗರು ಬೇಕೆಂದೇ ‘ಅಜ್ಜೀ, ಇಲಿ!’ ಅಂತ ಕೂಗಿ ಬೈಸಿಕೊಳ್ಳುತ್ತಿದ್ದೆವು. ಮಂಗ ಸತ್ತರೆ ಈಗ ಮಲೆನಾಡಿನವರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡುತ್ತಾರಲ್ಲ, ಅಜ್ಜಿಯ ಇಲಿಯೂ ಅದೇ ಕೆಲಸ ಮಾಡುತ್ತಿತ್ತು. ಮನುಷ್ಯರಿಗಿಂತ ಮೊದಲು ಸುದ್ದಿ ತಲುಪಿಸುತ್ತಿತ್ತು, ಪಾಪ.

‘ಅಜ್ಜಾ, ಕಡೇ ಪ್ರಶ್ನೆ. ಔಟ್‌ಬ್ರೇಕ್‌ಗೂ ಎಪಿಡೆಮಿಕ್‌ಗೂ ಎರಡು ಮಾರ್ಕಿನ ವ್ಯತ್ಯಾಸ?’

ಅರ್ಥ ಹೆಚ್ಚೂಕಮ್ಮಿ ಒಂದೇ, ಜಾಗದ ಅಳತೆ ಬೇರೆ ಅಂತ ಬರಿ ಅಂದೆ. ಬರೆಯಬಾರದ ಇನ್ನೊಂದು ವ್ಯತ್ಯಾಸವೂ ಇದೆ. ಮೇಲಿನವರಿಗೆ ಕಳಿಸುವ ವರದಿಯಲ್ಲಿ ಎಪಿಡೆಮಿಕ್ ಅಂತ ಬರೆದರೆ ಫೋನ್ ಬರುತ್ತಿತ್ತು, ಔಟ್‌ಬ್ರೇಕ್ ಅಂತ ಬರೆದರೆ ಬರುತ್ತಿರಲಿಲ್ಲ. ಹಾಗಾಗಿ ನನ್ನ ಸರ್ವೀಸಿನಲ್ಲಿ ಕಾಗದದ ಮೇಲೆ ಆದದ್ದೆಲ್ಲ ಔಟ್‌ಬ್ರೇಕುಗಳೇ.

ಹುಡುಗಿ ನಗುತ್ತಾ ಒಳಗೆ ಹೋದಳು. ನಾನು ಕೊಳಾಯಿ ತಿರುಗಿಸಿದರೆ ನೀರು ನಿಂತುಹೋಗಿತ್ತು. ನಮ್ಮ ಬೀದಿಯಲ್ಲಿ ಅದು ಎಂಡೆಮಿಕ್ಕು, ನಿಮ್ಮಲ್ಲೂ ಹಾಗೇನಾ?