ಬಡ್ಡಿ ಇಲ್ಲದ ಕಾಕಾ

ಸಿಂದಗಿಯ ‘ಬಡ್ಡಿ ಇಲ್ಲದ ಕಾಕಾ’ ಸಾಮಾನ್ಯವಾಗಿ ಐವತ್ತರ ಆಸುಪಾಸಿನವರು. ಶಾಲೆಯ ಮಾಸ್ತರರಾಗಿರಬಹುದು, ಕಚೇರಿಯ ಗುಮಾಸ್ತರಾಗಿರಬಹುದು; ಊರ ಹೊರಗೆ ನಾಲ್ಕೆಕರೆ ತೊಗರಿ ಹೊಲ ಮಾತ್ರ ಇದ್ದೇ ಇರುತ್ತದೆ. ಸಂತೆಯಲ್ಲಿ ಕೊತ್ತಂಬರಿ ಸೂಡಿಗೆ ಹತ್ತು ರೂಪಾಯಿ ಅಂದರೆ ಏಳಕ್ಕೆ ಕೇಳುತ್ತಾರೆ, ಎಂಟಕ್ಕೆ ಒಪ್ಪಿಸುತ್ತಾರೆ, ಮೇಲೆ ನಾಲ್ಕು ಹಸಿ ಮೆಣಸಿನಕಾಯಿ ಇಸಿದುಕೊಂಡು ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಎಪಿಎಂಸಿಯಲ್ಲಿ ತೊಗರಿ ತೂಗುವಾಗ ತಕ್ಕಡಿಯಿಂದ ಕಣ್ಣು ತೆಗೆಯುವವರಲ್ಲ. ಇಂಥ ಮನುಷ್ಯ ಎಲೆಕ್ಟ್ರಾನಿಕ್ಸ್ ಅಂಗಡಿಯ ಗಾಜಿನ ಬಾಗಿಲು ದಾಟಿದ ಕೂಡಲೇ ಚೌಕಾಸಿಯನ್ನು ಚಪ್ಪಲಿಯ ಜೊತೆ ಹೊರಗೇ ಬಿಡುತ್ತಾರೆ. ಒಳಗೆ ‘ನೋ ಕಾಸ್ಟ್ ಇಎಂಐ’ ಎಂಬ ಬೋರ್ಡು ತೂಗುತ್ತಿರುತ್ತದೆ. ಬಡ್ಡಿಯೇ ಇಲ್ಲದ ಮೇಲೆ ಚೌಕಾಸಿ ಮಾಡುವುದು ಯಾವುದಕ್ಕೆ ಎಂಬುದು ಅವರ ನಿಲುವು.

ಈ ನಂಬಿಕೆಗೆ ತಳಹದಿ ಇಲ್ಲದಿಲ್ಲ. ಊರಿನ ಪಿಕೆಪಿಎಸ್ ಸೊಸೈಟಿಯಲ್ಲಿ ಕಾಕಾ ಶೂನ್ಯ ಬಡ್ಡಿಯ ಬೆಳೆಸಾಲ ತೆಗೆದವರು. ರಾಜ್ಯ ಸರ್ಕಾರ 2023–24ರಲ್ಲಿ ಆ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ್ದೂ ಅವರಿಗೆ ಗೊತ್ತು. ಆದರೆ ಅಲ್ಲಿಯೂ ಬಡ್ಡಿ ಇದ್ದೇ ಇದೆ. ರೈತನ ಬದಲು ಸರ್ಕಾರ ಅದನ್ನು ಕಟ್ಟಿಕೊಡುತ್ತದೆ, ಅಷ್ಟೇ. ಫ್ರಿಜ್ ಮಾರುವ ಅಂಗಡಿಯಲ್ಲಿ ಆ ಸರ್ಕಾರದ ಜಾಗದಲ್ಲಿ ಕೂತವರು ಯಾರು ಎಂದು ಕಾಕಾ ಕೇಳುವುದಿಲ್ಲ. ಭಾರತೀಯ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿ, ಶೂನ್ಯ ಬಡ್ಡಿ ಎಂಬ ಕಲ್ಪನೆಯೇ ಅಸ್ತಿತ್ವದಲ್ಲಿಲ್ಲ ಎಂದು ಹೇಳಿತ್ತು. ‘ಶೂನ್ಯ’ ಹೋಗಿ ‘ನೋ ಕಾಸ್ಟ್’ ಬಂತು. ಬೋರ್ಡು ಬರೆಯುವ ಪೇಂಟರಿಗೆ ಮಾತ್ರ ಒಂದು ದಿನದ ಕೆಲಸ ಸಿಕ್ಕಿರಬೇಕು.

ಕಾಕಾ ಕೊಂಡ ಫ್ರಿಜ್ಜಿನ ಲೆಕ್ಕವನ್ನೇ ಬಿಚ್ಚಿ ನೋಡಬಹುದು. ಚೀಟಿಯ ಮೇಲಿನ ಬೆಲೆ 36,000 ರೂಪಾಯಿ. ಕ್ರೆಡಿಟ್ ಕಾರ್ಡಿನ ಮೇಲೆ ತಿಂಗಳಿಗೆ 3,000ದಂತೆ 12 ಕಂತು. ಹನ್ನೆರಡು ಮೂರಲ ಮೂವತ್ತಾರು. ಕಾಕಾ ಬೆರಳೆಣಿಸಿ ತೃಪ್ತರಾಗುತ್ತಾರೆ. ಬಿಲ್ಲಿನಲ್ಲಿ 2,762 ರೂಪಾಯಿ ‘ರಿಯಾಯಿತಿ’ ಎಂದು ಒಂದು ಸಾಲು ಬೇರೆ ಇರುತ್ತದೆ. ಅದನ್ನು ಕಂಡು ಅವರ ಮುಖ ಇನ್ನಷ್ಟು ಅರಳುತ್ತದೆ. ಬಡ್ಡಿಯೂ ಇಲ್ಲ, ಮೇಲೆ ರಿಯಾಯಿತಿ ಬೇರೆ!

ಇಡೀ ಗುಟ್ಟು ಆ ಸಾಲಿನಲ್ಲೇ ಇದೆ. ಕಾರ್ಡಿನ ಬ್ಯಾಂಕು ಈ ಸಾಲಕ್ಕೆ ವರ್ಷಕ್ಕೆ ಶೇ 15ರ ಬಡ್ಡಿ ಹಾಕುತ್ತದೆ ಎಂದಿಟ್ಟುಕೊಂಡರೆ, ತಿಂಗಳಿಗೆ 3,000ದಂತೆ ವರ್ಷವಿಡೀ ಕಟ್ಟುವವನಿಗೆ ಅದು ಕೊಡಬಹುದಾದ ಸಾಲ 33,238 ರೂಪಾಯಿ ಮಾತ್ರ. 36,000ದಿಂದ 2,762 ಕಳೆದರೆ ಬರುವುದು ಅದೇ ಮೊತ್ತ. ಕಾಕಾರ ಹೆಸರಿನಲ್ಲಿ ಸಾಲವಾಗುವುದು 33,238, ಅದರ ಮೇಲೆ ವರ್ಷದಲ್ಲಿ ಬೀಳುವ ಬಡ್ಡಿ 2,762, ಕಟ್ಟುವುದು 36,000. ರಿಯಾಯಿತಿ ಕೊಟ್ಟ ಕೈ ಅಂಗಡಿಯದೋ ಕಂಪನಿಯದೋ ಇರಬಹುದು, ಇಸಿದುಕೊಂಡ ಕೈ ಬ್ಯಾಂಕಿನದು. ಹಳ್ಳಿಯ ಸಾಹುಕಾರ ಮೊದಲೇ ಬಡ್ಡಿ ಮುರಿದುಕೊಂಡು ಉಳಿದ ರೊಕ್ಕ ಎಣಿಸಿ ಕೊಡುವ ಪದ್ಧತಿ ಕಾಕಾಗೆ ಚೆನ್ನಾಗಿ ಗೊತ್ತು. ಅದನ್ನೇ ಏಸಿಯಲ್ಲಿ ಕೂತು ಕಂಪ್ಯೂಟರಿನಲ್ಲಿ ಮಾಡಿದರೆ ಗುರುತು ಸಿಗುವುದಿಲ್ಲ.

ಇಲ್ಲಿಂದ ಒಂದು ಮುಖ್ಯ ವಿಷಯ ಹೊರಡುತ್ತದೆ. ಈ ಮಾರಾಟದಲ್ಲಿ ಬ್ಯಾಂಕಿನಿಂದ ಬರುವುದು ಹೆಚ್ಚೆಂದರೆ ಆ 33,238 ರೂಪಾಯಿ. ರಿಯಾಯಿತಿಯ ಭಾರ ಅಂಗಡಿಯವನೇ ಹೊತ್ತಿದ್ದರೆ ಅವನ ಗಲ್ಲಾಕ್ಕೆ ಸೇರುವುದೂ ಅಷ್ಟೇ. ಅಂದರೆ ಅದೇ ಫ್ರಿಜ್ಜನ್ನು 33,500ಕ್ಕೆ ನಗದಾಗಿ ಕೊಟ್ಟರೂ ಅವನಿಗೆ ನಷ್ಟವಿಲ್ಲ. ಇನ್ನೂರು ರೂಪಾಯಿ ಮೇಲೇ ಉಳಿಯುತ್ತದೆ. ಹೀಗಾಗಿ ಚೀಟಿಯ 36,000 ನಿಜವಾದ ಬೆಲೆಯಲ್ಲ, ಬಡ್ಡಿಯನ್ನು ಹೊಟ್ಟೆಯಲ್ಲಿಟ್ಟುಕೊಂಡ ಬೆಲೆ.

ಈ ಸತ್ಯ ಹೊರಬೀಳುವುದು ಕಾಕುವಿನಿಂದ. ಕಾಕಾ ಕಾರ್ಡು ಉಜ್ಜಿ ಬಂದ ಎರಡು ದಿನಕ್ಕೆ ತಮ್ಮನ ಮನೆಗೂ ಫ್ರಿಜ್ ಬೇಕಾಗಿ ಕಾಕು ಅದೇ ಅಂಗಡಿಗೆ ಹೋಗುತ್ತಾರೆ. ಇಎಂಐಯ ಸುದ್ದಿಯನ್ನೇ ತೆಗೆಯುವುದಿಲ್ಲ. “ರೊಕ್ಕಾ ಒಮ್ಮಿಗೇ ಕೊಟ್ರ ಕಡೀಕ ಎಷ್ಟಕ್ಕ ಕೊಡ್ತೀಯಪಾ?” ಎಂದು ಕೇಳುತ್ತಾರೆ. “ಅಕ್ಕಾರ, ಮೂವತ್ಮೂರೂವರಿಗೆ ಒಯ್ರಿ” ಎಂಬ ಉತ್ತರ ಬರುತ್ತದೆ. ಕಾಕು ಮನೆಗೆ ಬಂದು ಈ ಮಾತು ಹೇಳಿದಾಗ ಕಾಕಾ ಅದಕ್ಕೆ ಕೊಡುವ ವಿವರಣೆ ಹೀಗಿರುತ್ತದೆ: “ಅದು ಹಳೀ ಮಾಡಲ್ ಇರಬೇಕಳಾ.” ಮಾಡಲ್ ನಂಬರು ಎರಡಕ್ಕೂ ಒಂದೇ.

ತಿಂಗಳು ತುಂಬಿ ಕಾರ್ಡಿನ ಬಿಲ್ಲು ಮೊಬೈಲಿಗೆ ಬರುತ್ತದೆ. ಕಾಕಾ 3,000 ಎಂದು ಕಾದಿದ್ದರೆ ಅಲ್ಲಿ 3,310 ಎಂದಿರುತ್ತದೆ. ಕಾರ್ಡಿನ ಸಾಲದ ಬಡ್ಡಿಗೆ ಶೇ 18ರ ಜಿಎಸ್‌ಟಿ ಇದೆ. ಅಂಗಡಿ ಕೊಟ್ಟ ರಿಯಾಯಿತಿ ಬಡ್ಡಿಯನ್ನು ಸರಿದೂಗಿಸಿದರೂ ಆ ತೆರಿಗೆಯನ್ನು ಸರಿದೂಗಿಸುವುದಿಲ್ಲ. ಮೊದಲ ತಿಂಗಳ ಬಡ್ಡಿ 415 ರೂಪಾಯಿ ಚಿಲ್ಲರೆ, ಅದರ ಮೇಲಿನ ತೆರಿಗೆ 75. ಪ್ರೊಸೆಸಿಂಗ್ ಶುಲ್ಕ 199, ಅದಕ್ಕೂ ಜಿಎಸ್‌ಟಿ ಸೇರಿ 235. ಮುಂದಿನ ತಿಂಗಳುಗಳಲ್ಲಿ ಅಸಲು ಕರಗಿದಂತೆ ತೆರಿಗೆಯೂ ಕರಗುತ್ತ ಕೊನೆಯ ಕಂತಿನಲ್ಲಿ 7 ರೂಪಾಯಿಗೆ ಇಳಿಯುತ್ತದೆ. ಬಡ್ಡಿಯ ಮೇಲೆ ವರ್ಷದ ಒಟ್ಟು ಜಿಎಸ್‌ಟಿ 497. ಕಾಕಾ ಇದನ್ನು ‘ಸರಕಾರದ ಟ್ಯಾಕ್ಸ್’ ಎಂಬ ಖಾತೆಗೆ ಬರೆದು ಸಮಾಧಾನ ಪಡುತ್ತಾರೆ. ಇಲ್ಲದ ಬಡ್ಡಿಗೆ ಸರ್ಕಾರ ತೆರಿಗೆ ಹೇಗೆ ಹಾಕಿತು ಎಂಬ ಪ್ರಶ್ನೆ ಹೊಳೆಯುವಷ್ಟರಲ್ಲಿ ಟಿವಿಯಲ್ಲಿ ಕ್ರಿಕೆಟ್ ಶುರುವಾಗಿರುತ್ತದೆ. ಆ ಟಿವಿಯೂ ಕಂತಿನದೇ.

ಬಿಲ್ಲನ್ನು ಕೊನೆತನಕ ಓದುವ ಅಭ್ಯಾಸ ಅವರಿಗಿದ್ದಿದ್ದರೆ ಇದು ಮೊದಲೇ ತಿಳಿಯುತ್ತಿತ್ತು. ರಿಸರ್ವ್ ಬ್ಯಾಂಕಿನ 2022ರ ಏಪ್ರಿಲ್ ನಿರ್ದೇಶನದ ಪ್ರಕಾರ, ಕಾರ್ಡಿನ ಖರೀದಿಯನ್ನು ಇಎಂಐಗೆ ಬದಲಿಸುವ ಮೊದಲೇ ಅಸಲು ಎಷ್ಟು, ಬಡ್ಡಿ ಎಷ್ಟು, ನೋ ಕಾಸ್ಟ್ ಆಗಿಸಲು ಕೊಟ್ಟ ರಿಯಾಯಿತಿ ಎಷ್ಟು ಎಂಬುದನ್ನು ಬ್ಯಾಂಕು ಬಿಡಿಸಿ ತೋರಿಸಬೇಕು. ಬಿಲ್ಲಿನಲ್ಲೂ ಬೇರೆ ಬೇರೆಯಾಗಿ ನಮೂದಿಸಬೇಕು. ಬಡ್ಡಿ ಇರುವ ಕಂತಿಗೆ ನೋ ಕಾಸ್ಟ್ ವೇಷ ಹಾಕುವಂತಿಲ್ಲ. ಆ ಮೂರು ಅಂಕಿಗಳು ಮೊಬೈಲಿನ ಪರದೆಯ ಮೇಲೆ ಬಂದದ್ದೂ ನಿಜ, ಕಾಕಾ ಅವುಗಳ ಕೆಳಗಿನ ‘ಒಪ್ಪಿಗೆ’ ಗುಂಡಿ ಒತ್ತಿದ್ದೂ ನಿಜ.

ಇನ್ನು ನಿಜವಾದ ಬಡ್ಡಿ ದರ. ಕಾಕಾ ಕಟ್ಟುವುದು 36,000, ಜಿಎಸ್‌ಟಿ 497, ಶುಲ್ಕ 235, ಒಟ್ಟು 36,732 ರೂಪಾಯಿ. ಕಾಕುವಿನ ನಗದು ಬೆಲೆ 33,500. ವ್ಯತ್ಯಾಸ 3,232. ಇದನ್ನು 33,500ರಿಂದ ಭಾಗಿಸಿ ‘ಶೇ 10ಕ್ಕಿಂತ ಕಡಿಮೆಯೇ’ ಎನ್ನುವುದು ಎರಡನೇ ತಪ್ಪು. ಸಾಲ ಪ್ರತಿ ತಿಂಗಳು ಕರಗುವುದರಿಂದ ವರ್ಷದುದ್ದಕ್ಕೂ ಕಾಕಾರ ಬಳಿ ಉಳಿಯುವ ಬ್ಯಾಂಕಿನ ರೊಕ್ಕ ಸರಾಸರಿ ಅರ್ಧಕ್ಕಿಂತ ಸ್ವಲ್ಪ ಮೇಲೆ. ಇದಕ್ಕೊಂದು ಸುಲಭ ಲೆಕ್ಕವಿದೆ. ಹೆಚ್ಚು ಕೊಟ್ಟ ಹಣವನ್ನು 24ರಿಂದ ಗುಣಿಸಬೇಕು. ನಗದು ಬೆಲೆಯನ್ನು ಕಂತುಗಳ ಸಂಖ್ಯೆಗೆ ಒಂದು ಸೇರಿಸಿದ ಅಂಕಿಯಿಂದ, ಇಲ್ಲಿ 13ರಿಂದ, ಗುಣಿಸಬೇಕು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು. 77,568ನ್ನು 4,35,500ರಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು ಶೇ 17.8. ಇದು ಅಂದಾಜು, ಆದರೆ ಅಂಗಡಿಯಲ್ಲಿ ನಿಂತು ಮೊಬೈಲಿನಲ್ಲೇ ಮಾಡಬಹುದಾದ ಅಂದಾಜು. ಸಿಂದಗಿಯ ಭಾಷೆಯಲ್ಲಿ ಇದು ಸುಮಾರು ಒಂದೂವರೆ ರೂಪಾಯಿ ಬಡ್ಡಿ. ಸಾಹುಕಾರ ಆ ದರ ಹೇಳಿದ್ದರೆ ಕಾಕಾ ಕಟ್ಟೆಯಿಂದ ಎದ್ದು ಬರುತ್ತಿದ್ದರು.

ನ್ಯಾಯವಾಗಿ ಹೇಳಬೇಕೆಂದರೆ, ಕಾಕಾ ಗೆಲ್ಲುವ ಸಂದರ್ಭವೂ ಉಂಟು. ಕಾಕುವಿನ ಪ್ರಶ್ನೆಗೆ ಎರಡು ಮೂರು ಅಂಗಡಿಗಳಲ್ಲಿ, ವಿಜಯಪುರದ ದೊಡ್ಡ ಶೋರೂಮಿನಲ್ಲೂ, 36,000ಕ್ಕಿಂತ ಒಂದು ರೂಪಾಯಿಯೂ ಕಡಿಮೆ ಉತ್ತರ ಬರದಿದ್ದರೆ, ರಿಯಾಯಿತಿಯ ಭಾರವನ್ನು ತಯಾರಿಕಾ ಕಂಪನಿಯೇ ಹೊತ್ತಿದೆ ಎಂದು ತಿಳಿಯಬಹುದು. ಆಗ ಕಾಕಾ ಹೆಚ್ಚು ಕೊಡುವುದು ಜಿಎಸ್‌ಟಿ ಮತ್ತು ಶುಲ್ಕದ 732 ರೂಪಾಯಿ ಮಾತ್ರ. ಅದೇ ಸೂತ್ರ ಹಾಕಿದರೆ ಶೇ 4ರೊಳಗೆ ಬರುತ್ತದೆ. ಅಂಥ ಸಾಲ ಅಗ್ಗವೇ ಸರಿ. ಆನ್‌ಲೈನ್ ಖರೀದಿಯಲ್ಲೂ ಪರೀಕ್ಷೆ ಇದೇ. ಹಣ ಕಟ್ಟುವ ಪುಟದಲ್ಲಿ ಮೊದಲು ಯುಪಿಐ ಅಥವಾ ಕಾರ್ಡಿನ ಪೂರ್ಣ ಪಾವತಿ ಆರಿಸಿ ಬೆಲೆ ಬರೆದಿಟ್ಟುಕೊಂಡು, ಆಮೇಲೆ ನೋ ಕಾಸ್ಟ್ ಇಎಂಐ ಆರಿಸಿ ನೋಡಬೇಕು. ಹಬ್ಬದ ಕೊಡುಗೆಯ ಒಂದೆರಡು ಸಾವಿರ ರೂಪಾಯಿ ಎರಡನೇ ಪುಟದಲ್ಲಿ ಮಾಯವಾಗಿದ್ದರೆ, ಬಡ್ಡಿ ಹೋಗಿ ಕೂತ ಜಾಗ ಅದೇ.

ಕಾರ್ಡಿಲ್ಲದ ಕಾಕಾ ಅಂಗಡಿಯ ಮೂಲೆಯಲ್ಲಿ ಕೂತ ಫೈನಾನ್ಸ್ ಹುಡುಗನ ಬಳಿ ಆಧಾರ್, ಪ್ಯಾನ್, ಪಾಸ್‌ಬುಕ್ ಹಿಡಿದು ಕೂರುತ್ತಾರೆ. ಅಲ್ಲಿ ಬಡ್ಡಿಯ ಮೇಲೆ ಜಿಎಸ್‌ಟಿ ಇರುವುದಿಲ್ಲ; ಬದಲಿಗೆ ಫೈಲ್ ಚಾರ್ಜ್ ಇರುತ್ತದೆ, ಕೇಳದಿದ್ದರೂ ವಿಮೆ ಸೇರಿರಬಹುದು, ಮೊದಲ ಮೂರು ನಾಲ್ಕು ಕಂತುಗಳನ್ನು ಅಲ್ಲೇ ಕಟ್ಟಿಸಿಕೊಳ್ಳುವುದೂ ಉಂಟು. ಹನ್ನೆರಡು ಕಂತಿನಲ್ಲಿ ನಾಲ್ಕನ್ನು ಮೊದಲೇ ಕೊಟ್ಟರೆ ಅದು ಎಂಟು ತಿಂಗಳ ಸಣ್ಣ ಸಾಲ. ಬಚ್ಚಿಟ್ಟ ಬಡ್ಡಿ ಅಷ್ಟೇ ಇದ್ದರೆ ನಿಜವಾದ ದರ ಬಹಳ ಮೇಲಕ್ಕೆ ಹೋಗುತ್ತದೆ. 2024ರ ಅಕ್ಟೋಬರ್ 1ರಿಂದ ಇಂಥ ಹೊಸ ಸಾಲಗಳಿಗೆ ಎಲ್ಲ ಶುಲ್ಕ ಸೇರಿಸಿದ ವಾರ್ಷಿಕ ದರವಿರುವ ಮುಖ್ಯಾಂಶ ಪತ್ರವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಕನ್ನಡದಲ್ಲಿ ಕೇಳಿ ಪಡೆಯಬಹುದು. ಆದರೆ ಆ ಪತ್ರಕ್ಕೂ ಕಾಕುವಿನ 33,500 ಗೊತ್ತಿರುವುದಿಲ್ಲ. ನಗದು ಬೆಲೆ ಸಾಲದ ವಿಷಯವಲ್ಲ, ವ್ಯಾಪಾರದ ವಿಷಯ. ಅದನ್ನು ಬಾಯಿಬಿಟ್ಟು ಕೇಳಿಯೇ ತಿಳಿಯಬೇಕು, ಅದೂ ಇಎಂಐಯ ಮಾತು ಎತ್ತುವ ಮೊದಲು.

ಇನ್ನೊಂದು ಮಾತು: ಫ್ರಿಜ್ ಕೆಟ್ಟಿದೆಯೆಂದು ವಾಪಸ್ ಕೊಟ್ಟರೆ ಕಾರ್ಡಿನ ಸಾಲ ರದ್ದಾಗುತ್ತದೆ. ಆದರೆ ಪ್ರೊಸೆಸಿಂಗ್ ಶುಲ್ಕವೂ, ಅಲ್ಲಿಯವರೆಗೆ ಬಿದ್ದ ಬಡ್ಡಿ ಮತ್ತು ಜಿಎಸ್‌ಟಿಯೂ ಸಾಮಾನ್ಯವಾಗಿ ಮರಳಿ ಬರುವುದಿಲ್ಲ.