ಕಡೇ ಬೆಂಚಿಗೂ ಕಾಣೋ ಕೋಡು

ಬೆಳಗ್ಗೆ ದಾಸವಾಳದ ಗಿಡಕ್ಕೆ ನೀರು ಹಾಕ್ತಾ ಇದ್ದೆ. ಕಾಂಪೌಂಡಿನ ಆಚೆ ಬದಿಯಿಂದ ವಿಜ್ಞಾನದ ಟೀಚರ್ ಕರೆದರು. "ಅಣ್ಣಾ, ನಿಮ್ದು ಪ್ರಿಂಟಿಂಗ್ ಅಂಗಡಿ ಅಲ್ವಾ, ಒಂದು ಕೇಳ್ಬೇಕಿತ್ತು. ನಿನ್ನೆ ಟ್ರೈನಿಂಗಲ್ಲಿ ಎಂಟನೇ ಕ್ಲಾಸಿನ ಪ್ರಯೋಗಗಳ ಪಿಡಿಎಫ್ ಎಲ್ಲರಿಗೂ ಸಿಗಲಿ ಅಂತ ಸ್ಲೈಡಲ್ಲಿ ಕ್ಯೂಆರ್ ಕೋಡ್ ಹಾಕಿದ್ದೆ. ಮುಂದಿನ ಎರಡು ಸಾಲಿನವರಿಗೆ ಬಂತು. ಹಿಂದಿನವರೆಲ್ಲ ಫೋನ್ ಎತ್ತಿ ಹಿಡಿದದ್ದೇ ಬಂತು!"

ಲ್ಯಾಪ್‌ಟಾಪ್ ತರೋಕೆ ಹೇಳಿದೆ. ತಂದು ಕಾಂಪೌಂಡ್ ಮೇಲೇ ಇಟ್ಟರು. ನೋಡಿದರೆ ಸ್ಲೈಡಿನ ಕೆಳಗಿನ ಮೂಲೇಲಿ, ಸ್ಟಾಂಪಿನ ಹಾಗೆ, ಒಂದೂವರೆ ಇಂಚಿನ ಕೋಡು.

"ಪರದೆ ಎಷ್ಟು ಅಗಲ ಇತ್ತು?"

"ಎಂಟಡಿ ಇರಬಹುದು. ಹಿಂದಿನ ಸಾಲು ಮೂವತ್ತಡಿ ದೂರ."

ಬ್ಯಾನರ್ ಮಾಡುವಾಗ ನಾವು ಹತ್ತಕ್ಕೊಂದು ಅಂತ ಲೆಕ್ಕ ಇಟ್ಕೊಳ್ತೀವಿ. ಹತ್ತಡಿ ದೂರದಿಂದ ಓದಬೇಕಾದರೆ ಕೋಡು ಒಂದಡಿ ಇರಬೇಕು. ಪವರ್‌ಪಾಯಿಂಟಿನ ಅಗಲದ ಸ್ಲೈಡು ಹದಿಮೂರು ಇಂಚು ಚಿಲ್ಲರೆ. ಅದು ಎಂಟಡಿ ಪರದೆ ಮೇಲೆ ಬಿದ್ದರೆ ಒಂದು ಇಂಚು ಏಳು ಇಂಚಿನಷ್ಟಾಗುತ್ತೆ. ಅಂದರೆ ಟೀಚರ ಒಂದೂವರೆ ಇಂಚು ಪರದೇಲಿ ಒಂದಡಿಯೂ ಇರಲಿಲ್ಲ, ಒಂಬತ್ತಡಿ ದಾಟಿದವರಿಗೆ ಸಿಗೋ ಹಾಗಿರಲಿಲ್ಲ. ಮೂವತ್ತಡಿಗೆ ಮೂರಡಿ ಕೋಡು ಬೇಕು, ಸ್ಲೈಡಲ್ಲಿ ಐದು ಇಂಚು. ಸ್ಲೈಡಿನ ಎತ್ತರವೇ ಏಳೂವರೆ ಇಂಚು. ಹಾಗಾಗಿ ಕೋಡಿಗೆ ಮೂಲೆ ಸಾಲದು, ಅದಕ್ಕೇ ಒಂದು ಇಡೀ ಸ್ಲೈಡು ಕೊಡಬೇಕು.

"ಅಷ್ಟು ದೊಡ್ಡದಾ!" ಅಂದರು. ಹೌದು ಮತ್ತೆ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯವರು ಇದನ್ನ ಮಾಡಿದ್ದು ಕಾರಿನ ಬಿಡಿಭಾಗ ಗುರುತಿಸೋಕೆ. ಸಭಾಂಗಣದ ಕಡೇ ಸಾಲು ಅವರ ಲೆಕ್ಕದಲ್ಲಿ ಇರಲಿಲ್ಲ.

ಇನ್ನೊಂದು ತೊಡಕೂ ಕಂಡಿತು. ಆ ಕೋಡಿನ ಚೌಕಗಳು ಸಾಸಿವೆ ಚೆಲ್ಲಿದಷ್ಟು ಸಣ್ಣಗಿದ್ದವು. ಟೀಚರು ಡ್ರೈವಿನ ಲಿಂಕನ್ನ ಹಾಗ್ಹಾಗೇ ಕೊಟ್ಟಿದ್ದರು. ಅದರಲ್ಲಿ ಎಂಬತ್ತಕ್ಕೂ ಹೆಚ್ಚು ಅಕ್ಷರಗಳಿರುತ್ತವೆ. ಅಷ್ಟನ್ನೂ ತುಂಬಬೇಕಾದರೆ ಕೋಡು ಒಂದು ಬದಿಗೆ 37 ಚೌಕ ಆಗುತ್ತೆ. ಅದನ್ನೇ ಚಿಕ್ಕ ಲಿಂಕ್ ಮಾಡಿ, ಹೀಗೆ ಇಟ್ಟರೆ:

```
https://bit.ly/prayoga-8
```

24 ಅಕ್ಷರ ಅಷ್ಟೆ, ಬದಿಗೆ 25 ಚೌಕದಲ್ಲಿ ಮುಗಿಯುತ್ತೆ. ಅಷ್ಟೇ ಜಾಗದಲ್ಲಿ ಒಂದೊಂದು ಚೌಕವೂ ಹೆಚ್ಚುಕಮ್ಮಿ ಒಂದೂವರೆ ಪಟ್ಟು ದಪ್ಪ, ಅಷ್ಟೇ ಹೆಚ್ಚು ದೂರದಿಂದ ಫೋನಿಗೆ ಕಾಣುತ್ತೆ. ಚಿಕ್ಕ ಲಿಂಕ್ ಇರೋದು ಟೈಪ್ ಮಾಡೋರಿಗೆ ಮಾತ್ರ ಅಂತ ತುಂಬಾ ಜನ ತಿಳಿದಿದ್ದಾರೆ. ಅದರ ದೊಡ್ಡ ಉಪಕಾರ ಕೋಡಿಗೇ.

ಆದರೂ ಲಿಂಕನ್ನ ಕೋಡಿನ ಕೆಳಗೆ ದಪ್ಪ ಅಕ್ಷರದಲ್ಲಿ ಬರೆಯಲೇಬೇಕು. ಜೂಮಿನಲ್ಲಿ ಫೋನಲ್ಲೇ ಪಾಠ ಕೇಳೋರು ಅದೇ ಫೋನಿನ ಕ್ಯಾಮೆರಾನ ಅದೇ ಪರದೆಗೆ ಹಿಡಿಯೋದು ಹೇಗೆ? ಲಿಂಕ್ ಚಿಕ್ಕದು ಮಾಡೋ ಸೇವೆ ತಾನಾಗಿ ಕೊಡೋ ಗಜಿಬಿಜಿ ಹೆಸರು ಬೇಡ. ಅದರಲ್ಲಿ ದೊಡ್ಡ ಐ, ಚಿಕ್ಕ ಎಲ್, ಒಂದು, ಮೂರೂ ಒಂದೇ ಥರ ಕಾಣುತ್ತವೆ. ಬಾಯಲ್ಲಿ ಹೇಳಿದರೆ ಬರೆದುಕೊಳ್ಳೋ ಹಾಗೆ, ಎಲ್ಲ ಚಿಕ್ಕಕ್ಷರದಲ್ಲಿ, ಗೊತ್ತಿರೋ ಪದ ಇಡಬೇಕು.

ಟೀಚರಿಗೆ ಕಡುನೀಲಿ ಸ್ಲೈಡು ಇಷ್ಟ. ಅದರ ಮೇಲೆ ಬಿಳಿ ಚೌಕದ ಕೋಡು ಚೆಂದ ಕಾಣಬಹುದು, ಆದರೆ ಬಣ್ಣ ತಿರುಗಿಸಿದ ಕೋಡನ್ನ ಕೆಲವು ಫೋನು ಓದೋದೇ ಇಲ್ಲ. ಬಿಳಿ ಮೇಲೆ ಕಪ್ಪೇ ಇರಲಿ, ಸುತ್ತ ನಾಲ್ಕು ಚೌಕದಷ್ಟು ಬಿಳಿ ಅಂಚೂ ಇರಲಿ ಅಂದೆ. ಆ ಅಂಚು ಇಲ್ಲದಿದ್ದರೆ ಕೋಡು ಎಲ್ಲಿ ಶುರುವಾಯ್ತು ಅಂತ ಫೋನಿಗೆ ಗೊತ್ತಾಗಲ್ಲ.

ಆಮೇಲೆ ನನ್ನ ಫೋನು ಹಿಡಿದೆ. ಹತ್ತಿರದಿಂದ ತಕ್ಷಣ ಓದಿತು, ಆದರೆ ತೆರೆದ ಪುಟ "ಅನುಮತಿ ಕೇಳಿ" ಅಂತ ತೋರಿಸಿತು! ಫೈಲಿಗೆ ಟೀಚರೊಬ್ಬರಿಗೇ ಅಂತ ಬೀಗ ಹಾಕಿತ್ತು. ಅವರದೇ ಖಾತೆ ಇರೋ ಅವರ ಫೋನಲ್ಲಿ ಇದು ಗೊತ್ತೇ ಆಗಿರಲಿಲ್ಲ. ಅಂದರೆ ಮುಂದಿನ ಎರಡು ಸಾಲಿನವರಿಗೂ ನಿನ್ನೆ ಸಿಕ್ಕಿದ್ದು ಬೀಗ ಹಾಕಿದ ಬಾಗಿಲು. ಲಿಂಕ್ ಇದ್ದವರೆಲ್ಲ ನೋಡಬಹುದು ಅಂತ ಅಲ್ಲೇ ಬದಲಾಯಿಸಿದರು.

ಹೊಸ ಸ್ಲೈಡು ಹತ್ತು ನಿಮಿಷದಲ್ಲಿ ತಯಾರಾಯಿತು. ನೀವೂ ಯಾವತ್ತಾದರೂ ಇಂಥ ಸ್ಲೈಡು ಹಾಕೋದಿದ್ದರೆ, ಜನ ಬರೋ ಮುಂಚೆ ಬೇರೆಯವರ ಫೋನ್ ಇಸ್ಕೊಂಡು ಕಡೇ ಕುರ್ಚಿಲಿ ಕೂತು ಒಮ್ಮೆ ಸ್ಕ್ಯಾನ್ ಮಾಡಿ ನೋಡಿ.